ಮಂಗಳವಾರದ ಕ್ಲಾಸ್ ತಪ್ಪಿದವರಿಗೆ: ಕ್ಲೌಡ್ ಸರ್ವಿಸ್ ಮಾಡೆಲ್‌ಗಳ ನೋಟ್ಸ್

ಎಲ್ಲರಿಗೂ ನಮಸ್ಕಾರ.

ಪ್ರಾಜೆಕ್ಟ್ ರಿವ್ಯೂ ಇದ್ದಿದ್ದರಿಂದ ಮಂಗಳವಾರ ನಿಮ್ಮಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಕ್ಲಾಸಿಗೆ ಬಂದಿರಲಿಲ್ಲ. ಮೇಡಂ ಅವತ್ತು ತೋರಿಸಿದ್ದು ನಾಲ್ಕೇ ಸ್ಲೈಡ್. ಉಳಿದ ಹೊತ್ತೆಲ್ಲ ಸ್ಕ್ರೀನ್ ಮೇಲೆ ಮಾಡಿಯೇ ತೋರಿಸಿದರು. ಸ್ಲೈಡ್ ಮಾತ್ರ ಓದಿದರೆ ಕ್ಲಾಸ್‌ನಲ್ಲಿ ನಡೆದದ್ದು ಗೊತ್ತಾಗೋದಿಲ್ಲ. ಅದಕ್ಕೇ ನಾನು ಬರೆದುಕೊಂಡದ್ದನ್ನು ಬಿಡಿಸಿ ಕಳಿಸುತ್ತಿದ್ದೇನೆ.

ಮೊದಲು ವ್ಯಾಖ್ಯೆ, ಬೇಗ ಮುಗಿಸಿಬಿಡೋಣ. ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2011ರ ಸೆಪ್ಟೆಂಬರ್‌ನಲ್ಲಿ 800-145 ಎಂಬ ದಾಖಲೆ ಹೊರತಂದಿತು. ಕೆಲವೇ ಪುಟ ಇದೆ, ಒಂದು ಸಲ ಓದಿ. ಅದರಲ್ಲಿ ಕ್ಲೌಡ್‌ಗೆ ಐದು ಲಕ್ಷಣ, ಮೂರು ಸರ್ವಿಸ್ ಮಾಡೆಲ್, ನಾಲ್ಕು ಡಿಪ್ಲಾಯ್‌ಮೆಂಟ್ ಮಾಡೆಲ್ ಹೇಳಿದ್ದಾರೆ. ಪಬ್ಲಿಕ್, ಪ್ರೈವೇಟ್, ಕಮ್ಯುನಿಟಿ, ಹೈಬ್ರಿಡ್ ಅನ್ನೋದು ಡಿಪ್ಲಾಯ್‌ಮೆಂಟ್. ಕ್ಲೌಡ್ ಯಾರಿಗಾಗಿ ಇದೆ ಅನ್ನೋದನ್ನು ಅದು ಹೇಳುತ್ತದೆ. ಕೆಲಸ ಯಾರು ಎಷ್ಟು ಮಾಡುತ್ತಾರೆ ಅನ್ನೋದು ಸರ್ವಿಸ್ ಮಾಡೆಲ್. ಹಿಂದಿನ ಟೆಸ್ಟ್‌ನ ಪೇಪರ್ ತಿದ್ದುವಾಗ ಇವೆರಡನ್ನೂ ಕಲಸಿದ ಉತ್ತರ ತುಂಬ ನೋಡಿದ್ದೇನೆ. ದಯವಿಟ್ಟು ಬೇರೆಬೇರೆ ಇಟ್ಟುಕೊಳ್ಳಿ.

ಮೂರು ಸರ್ವಿಸ್ ಮಾಡೆಲ್ ಇವು: ಇನ್‌ಫ್ರಾಸ್ಟ್ರಕ್ಚರ್ ಆ್ಯಸ್ ಎ ಸರ್ವಿಸ್, ಪ್ಲಾಟ್‌ಫಾರ್ಮ್ ಆ್ಯಸ್ ಎ ಸರ್ವಿಸ್, ಸಾಫ್ಟ್‌ವೇರ್ ಆ್ಯಸ್ ಎ ಸರ್ವಿಸ್. ಕ್ಲಾಸ್‌ನಲ್ಲಿ ನಾವು ಹೇಳುವಂತೆ ಐಯಾಸ್, ಪಾಸ್, ಸಾಸ್ ಎಂದೇ ಬರೆಯುತ್ತೇನೆ.

ಮೇಡಂ ಬೋರ್ಡ್ ಮೇಲೆ ಒಂದರ ಮೇಲೊಂದು ಪದರ ಬರೆದರು. ಎಲ್ಲಕ್ಕಿಂತ ಕೆಳಗೆ ಕಟ್ಟಡ, ಕರೆಂಟು, ಕೂಲಿಂಗ್. ಅದರ ಮೇಲೆ ನೆಟ್‌ವರ್ಕ್, ಡಿಸ್ಕ್, ಸರ್ವರ್. ಆಮೇಲೆ ವರ್ಚುವಲೈಸೇಶನ್, ಆಪರೇಟಿಂಗ್ ಸಿಸ್ಟಮ್, ರನ್‌ಟೈಮ್, ಅಪ್ಲಿಕೇಶನ್. ತುದಿಯಲ್ಲಿ ಡೇಟಾ. ನಂತರ ಕೆಂಪು ಮಾರ್ಕರ್‌ನಲ್ಲಿ ಅಡ್ಡ ಒಂದು ಗೆರೆ ಎಳೆದು ಕೇಳಿದರು: "ರಾತ್ರಿ ಎರಡು ಗಂಟೆಗೆ ಇಲ್ಲಿ ಏನಾದರೂ ಕೆಟ್ಟರೆ ಎದ್ದು ಕೂರಬೇಕಾದವರು ಯಾರು?" ಗೆರೆಯ ಕೆಳಗೆ ಕೆಟ್ಟರೆ ಕ್ಲೌಡ್ ಕಂಪನಿಯವರು, ಮೇಲೆ ಕೆಟ್ಟರೆ ನಾವು. ಐಯಾಸ್‌ನಲ್ಲಿ ಗೆರೆ ಆಪರೇಟಿಂಗ್ ಸಿಸ್ಟಮ್‌ನ ಕೆಳಗೆ ಬರುತ್ತದೆ. ಪಾಸ್‌ನಲ್ಲಿ ಅಪ್ಲಿಕೇಶನ್‌ನ ಕೆಳಗೆ. ಸಾಸ್‌ನಲ್ಲಿ ಡೇಟಾದ ಕೆಳಗೆ.

ಆಮೇಲೆ ಒಂದೇ ಕೆಲಸವನ್ನು ಮೂರು ಥರ ಮಾಡಿ ತೋರಿಸಿದರು. ಹೆಸರು ಮತ್ತು ರೋಲ್ ನಂಬರ್ ತುಂಬಿಸಿ ಹಾಜರಿ ಹಾಕುವ ಪುಟ್ಟ ಪೇಜ್. ಪೈಥಾನ್, ಫ್ಲಾಸ್ಕ್, ಸುಮಾರು ನಲವತ್ತು ಸಾಲಿನ ಕೋಡ್. ಡೇಟಾ ಹೋಗೋದು ಎಸ್‌ಕ್ಯೂಲೈಟ್ ಫೈಲಿಗೆ.

ಮೊದಲು ಐಯಾಸ್. ಉಬುಂಟು ವರ್ಚುವಲ್ ಮಷಿನ್ ಒಂದನ್ನು ಎಬ್ಬಿಸಿದರು. ಒಂದು ನಿಮಿಷದೊಳಗೆ ಐಪಿ ಅಡ್ರೆಸ್ ಸಿಕ್ಕಿತು. ಅಲ್ಲಿಗೆ ಕೆಲಸ ಮುಗಿಯಿತು ಅಂತ ನಮಗೆಲ್ಲ ಅನ್ನಿಸಿತ್ತು. ನಿಜವಾದ ಕೆಲಸ ಶುರುವಾದದ್ದೇ ಆಗ.

```
sudo apt update
sudo apt install python3-venv nginx
```

ಕೋಡ್ ಹಾಕಿ, ಗುನಿಕಾರ್ನ್ ಓಡಿಸಿ, ಎನ್‌ಜಿನ್‌ಎಕ್ಸ್ ಹೊಂದಿಸಿದರು. ಬ್ರೌಸರ್‌ನಲ್ಲಿ ಐಪಿ ಹೊಡೆದರೆ ಪೇಜ್ ಬರಲೇ ಇಲ್ಲ. ಸುಮ್ನೆ ಸುತ್ತುತ್ತಾ ಇತ್ತು. ಒಬ್ಬರು ಕೋಡ್ ತಪ್ಪಿದೆ ಅಂದರು, ಇನ್ನೊಬ್ಬರು ಎನ್‌ಜಿನ್‌ಎಕ್ಸ್ ಅಂದರು. ಎರಡೂ ಅಲ್ಲ. ಹೊರಗಿನ ಫೈರ್‌ವಾಲ್ ನಿಯಮದಲ್ಲಿ 22ನೇ ಪೋರ್ಟ್ ಮಾತ್ರ ತೆರೆದಿತ್ತು, 80 ತೆರೆದಿರಲಿಲ್ಲ. ಅದನ್ನು ಸರಿ ಮಾಡಿದ ಮೇಲೆ 502 ಬಂತು. ಅಂದರೆ ಎನ್‌ಜಿನ್‌ಎಕ್ಸ್ ಎದ್ದಿದೆ, ಅದರ ಹಿಂದಿನ ಗುನಿಕಾರ್ನ್ ಬಿದ್ದಿದೆ. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಲ್ಯಾಬ್‌ನಲ್ಲಿ ಅರ್ಧ ಗಂಟೆ ಉಳಿಯುತ್ತದೆ. ಉತ್ತರವೇ ಬಾರದೆ ಸುತ್ತುತ್ತಿದ್ದರೆ ಮೊದಲು ಫೈರ್‌ವಾಲ್ ನೋಡಿ. 502 ಬಂದರೆ ಒಳಗಿನ ಅಪ್ಲಿಕೇಶನ್ ನೋಡಿ.

ಪೇಜ್ ಬಂದ ಮೇಲೆ ಮೇಡಂ `/var/log/auth.log` ತೆರೆದರು. ಆ ಮಷಿನ್ ಎದ್ದು ಇನ್ನೂ ಒಂದು ತಾಸೂ ಆಗಿರಲಿಲ್ಲ. ಅಷ್ಟರಲ್ಲೇ ಇಂಥ ಸಾಲುಗಳು:

```
Invalid user admin from 203.0.113.45 port 51122
Invalid user test from 203.0.113.45 port 51160
```

(ಅಡ್ರೆಸ್ ಮತ್ತು ಪೋರ್ಟ್ ನಾನು ಬದಲಿಸಿದ್ದೇನೆ.) ಯಾರೋ ನಮ್ಮ ಮೇಲೆ ಕಣ್ಣಿಟ್ಟು ಮಾಡಿದ್ದಲ್ಲ. ಇಂಟರ್‌ನೆಟ್‌ನಲ್ಲಿರುವ ಅಡ್ರೆಸ್‌ಗಳನ್ನು ಒಂದೊಂದಾಗಿ ತಟ್ಟಿ ನೋಡುವ ಪ್ರೋಗ್ರಾಮ್‌ಗಳು ಹಗಲು ರಾತ್ರಿ ಓಡುತ್ತಿರುತ್ತವೆ. ಕ್ಲಾಸ್ ಪೂರ್ತಿ ಸುಮ್ಮನಾಯಿತು. ನನಗಂತೂ ಅವತ್ತಿನ ಪಾಠದಲ್ಲಿ ಮನಸ್ಸಿಗೆ ನಾಟಿದ್ದು ಇದೇ. ಆಪರೇಟಿಂಗ್ ಸಿಸ್ಟಮ್ ನಮ್ಮ ಜವಾಬ್ದಾರಿ ಅಂದರೆ ಇದು. ಪಾಸ್‌ವರ್ಡ್ ಬದಲು ಕೀ ಬಳಸಬೇಕು, 22ನೇ ಪೋರ್ಟನ್ನು ನಮ್ಮ ಐಪಿಗೆ ಮಾತ್ರ ತೆರೆಯಬೇಕು, ಪ್ಯಾಚ್ ಹಾಕುತ್ತಿರಬೇಕು. ನಮ್ಮ ಪರವಾಗಿ ಬೇರೆ ಯಾರೂ ಮಾಡೋದಿಲ್ಲ. ಬದಲಿಗೆ ನಮಗೆ ಸಿಗೋದು ಪೂರ್ತಿ ಸ್ವಾತಂತ್ರ್ಯ. ಯಾವ ಕರ್ನಲ್, ಯಾವ ಲೈಬ್ರರಿ, ಯಾವ ಹಳೇ ಸಾಫ್ಟ್‌ವೇರ್ ಬೇಕಾದರೂ ಹಾಕಬಹುದು. ಅಮೆಜಾನ್ 2006ರಲ್ಲಿ ಎಸ್3 ಮತ್ತು ಇಸಿ2 ಶುರು ಮಾಡಿದಾಗ ಕೊಟ್ಟದ್ದು ಈ ಥರದ್ದೇ: ಸ್ಟೋರೇಜ್ ಬೇಕಾ ತಗೊಳ್ಳಿ, ಮಷಿನ್ ಬೇಕಾ ತಗೊಳ್ಳಿ, ಮೇಲಿನದ್ದು ನೀವು ನೋಡಿಕೊಳ್ಳಿ.

ಎರಡನೆಯದು ಪಾಸ್. ಅದೇ ಕೋಡ್, ಈ ಸಲ ಹೆರೋಕು ಮೇಲೆ. `Procfile` ಎಂಬ ಫೈಲಿನಲ್ಲಿ ಒಂದು ಸಾಲು:

```
web: gunicorn app:app
```

ಜೊತೆಗೆ `requirements.txt`. ಆಮೇಲೆ `git push heroku main`. ಅಷ್ಟೇ. ಉಬುಂಟು ಯಾವ ವರ್ಷನ್, ಎನ್‌ಜಿನ್‌ಎಕ್ಸ್ ಎಲ್ಲಿ, ಯಾವುದನ್ನೂ ಯಾರೂ ಕೇಳಲಿಲ್ಲ. ಎಚ್‌ಟಿಟಿಪಿಎಸ್ ಕೂಡ ತಾನಾಗೇ ಬಂತು. ಗೂಗಲ್ 2008ರಲ್ಲಿ ತಂದ ಆ್ಯಪ್ ಎಂಜಿನ್ ಕೂಡ ಇದೇ ಜಾತಿ.

ಐದಾರು ಜನ ಹಾಜರಿ ಹಾಕಿದರು. ಮೇಡಂ ಆ್ಯಪನ್ನು ಒಮ್ಮೆ ರೀಸ್ಟಾರ್ಟ್ ಮಾಡಿದರು. ಹಾಜರಿ ಮಾಯ! ಕೋಡ್‌ನಲ್ಲಿ ಏನೂ ತಪ್ಪಿರಲಿಲ್ಲ. ಹೆರೋಕುವಿನಲ್ಲಿ ಆ್ಯಪ್ ಓಡುವ ಡೈನೋದ ಡಿಸ್ಕ್ ತಾತ್ಕಾಲಿಕ. ರೀಸ್ಟಾರ್ಟ್ ಆದಾಗಲೆಲ್ಲ ಹೊಸದಾಗಿ ಹುಟ್ಟುತ್ತದೆ, ಅದರಲ್ಲಿ ಬರೆದ ಎಸ್‌ಕ್ಯೂಲೈಟ್ ಫೈಲ್ ಹೋಗುತ್ತದೆ. ನಾವು ಮುಟ್ಟದಿದ್ದರೂ ದಿನಕ್ಕೊಮ್ಮೆಯಾದರೂ ಡೈನೋ ರೀಸ್ಟಾರ್ಟ್ ಆಗುತ್ತದೆ. ಡೇಟಾ ಉಳಿಯಬೇಕಾದರೆ ಪೋಸ್ಟ್‌ಗ್ರೆಸ್‌ನಂಥ ಬೇರೆ ಡೇಟಾಬೇಸ್‌ಗೆ ಬರೆಯಬೇಕು. ಪಾಸ್‌ನಲ್ಲಿ ನಾವು ಬಿಟ್ಟುಕೊಡೋದು ಇದನ್ನೇ. ಕೆಲಸ ಕಡಿಮೆಯಾಗುತ್ತದೆ, ಆದರೆ ಪ್ಲಾಟ್‌ಫಾರ್ಮ್‌ನ ಕಟ್ಟುಪಾಡಿಗೆ ತಕ್ಕಂತೆ ಕೋಡ್ ಬರೆಯಬೇಕಾಗುತ್ತದೆ. ನಾಳೆ ಬೇರೆ ಕಡೆ ಹೋಗುವಾಗ ಅದನ್ನೆಲ್ಲ ತಿದ್ದಬೇಕಾಗಬಹುದು. ಲಾಕ್-ಇನ್ ಅಂದರೆ ಇದೇ.

ಮೂರನೆಯದು ಸಾಸ್. ಮೇಡಂ ಗೂಗಲ್ ಫಾರ್ಮ್ಸ್ ತೆರೆದು ಎರಡು ಪ್ರಶ್ನೆ ಹಾಕಿ ಲಿಂಕ್ ಕಳಿಸಿದರು. ಮೂರು ನಿಮಿಷವೂ ಆಗಲಿಲ್ಲ. ಕೋಡ್ ಇಲ್ಲ, ಡಿಪ್ಲಾಯ್ ಇಲ್ಲ. ಜಿಮೇಲ್, ಸೇಲ್ಸ್‌ಫೋರ್ಸ್ ಎಲ್ಲ ಇದೇ ಸಾಲಿಗೆ ಸೇರುತ್ತವೆ. ಸೇಲ್ಸ್‌ಫೋರ್ಸ್ ಶುರುವಾದದ್ದು 1999ರಲ್ಲಿ. ಅಂದರೆ ಇಸಿ2ಗಿಂತ ಸಾಸ್ ಹಳೆಯದು. ಕೆಳಗಿನ ಪದರ ಮೊದಲು ಬಂತು, ಮೇಲಿನದು ಆಮೇಲೆ ಅಂತ ಅಂದುಕೊಂಡಿದ್ದರೆ ತಿದ್ದಿಕೊಳ್ಳಿ.

ಇಲ್ಲೂ ನಮಗೆ ಕೆಲಸ ಉಳಿದಿದೆ. ಉತ್ತರಗಳ ಶೀಟನ್ನು ಲಿಂಕ್ ಇದ್ದವರೆಲ್ಲ ನೋಡಬಹುದು ಎಂದು ಹಂಚಿಬಿಟ್ಟರೆ ಎಲ್ಲರ ಹೆಸರು, ನಂಬರ್ ಹೊರಗೆ ಹೋಗುತ್ತದೆ. ಅದು ಗೂಗಲ್‌ನ ತಪ್ಪಲ್ಲ. ಬೋರ್ಡ್ ಮೇಲಿನ ಗೆರೆ ಎಷ್ಟೇ ಮೇಲೆ ಹೋದರೂ ಡೇಟಾ, ಅದನ್ನು ಯಾರು ನೋಡಬಹುದು ಅನ್ನೋ ತೀರ್ಮಾನ, ನಮ್ಮ ಪಾಸ್‌ವರ್ಡ್, ಇವು ಮೂರೂ ಕೊನೇವರೆಗೂ ನಮ್ಮ ಪಾಲಿಗೇ. ಇದನ್ನೇ ಶೇರ್ಡ್ ರೆಸ್ಪಾನ್ಸಿಬಿಲಿಟಿ ಅನ್ನೋದು. ಪರೀಕ್ಷೆಗೂ ಬರುತ್ತದೆ, ಕೆಲಸಕ್ಕೆ ಸೇರಿದ ಮೇಲೂ ಬೇಕಾಗುತ್ತದೆ.

ಆಮೇಲೆ ಒಳ್ಳೆಯ ಪ್ರಶ್ನೆ ಬಂತು: ಲ್ಯಾಂಬ್ಡಾ ಯಾವ ಗುಂಪು? ಅಮೆಜಾನ್ ಅದನ್ನು 2014ರಲ್ಲಿ ಪ್ರಕಟಿಸಿತು, ಎನ್‌ಐಎಸ್‌ಟಿ ದಾಖಲೆಗಿಂತ ಮೂರು ವರ್ಷ ತಡವಾಗಿ. ಹಾಗಾಗಿ ಆ ಮೂರು ಹೆಸರುಗಳಲ್ಲಿ ಅದಕ್ಕೆ ನೇರ ಜಾಗ ಇಲ್ಲ. ಫಂಕ್ಷನ್ ಆ್ಯಸ್ ಎ ಸರ್ವಿಸ್ ಅನ್ನುತ್ತಾರೆ, ಪಾಸ್‌ಗೆ ಹತ್ತಿರ. ನಮ್ಮ ಫಂಕ್ಷನ್ ಕೊಟ್ಟರೆ ಸಾಕು, ಕರೆ ಬಂದಾಗ ಓಡುತ್ತದೆ. ಮ್ಯಾನೇಜ್ಡ್ ಡೇಟಾಬೇಸ್ ಕೂಡ ಹೀಗೇ ಮಧ್ಯದಲ್ಲಿ ನಿಲ್ಲುತ್ತದೆ. ಬ್ಯಾಕಪ್, ಪ್ಯಾಚ್ ಕಂಪನಿಯದು. ಟೇಬಲ್, ಇಂಡೆಕ್ಸ್, ಕ್ವೆರಿ ನಮ್ಮದು. ನನ್ನ ಸಲಹೆ: ಯಾವ ಗುಂಪು ಅಂತ ಬಾಯಿಪಾಠ ಮಾಡಬೇಡಿ. ಹೊಸ ಸರ್ವಿಸ್ ಕಂಡಾಗ ಓಎಸ್ ಪ್ಯಾಚ್ ಯಾರದು, ಜನ ಜಾಸ್ತಿ ಬಂದರೆ ಮಷಿನ್ ಹೆಚ್ಚಿಸೋದು ಯಾರು, ಬ್ಯಾಕಪ್ ಯಾರದು ಅಂತ ಕೇಳಿ. ಗೆರೆ ಎಲ್ಲಿದೆ ಅನ್ನೋದು ತಾನಾಗೇ ಕಾಣುತ್ತದೆ.

ಬಿಲ್ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಹೋದ ಸೆಮಿಸ್ಟರ್ ನಾನು ಒಂದು ವರ್ಚುವಲ್ ಮಷಿನ್‌ಗೆ ಲಾಗಿನ್ ಆಗಿ `sudo shutdown now` ಕೊಟ್ಟು ನಿಶ್ಚಿಂತೆಯಿಂದ ಮಲಗಿದೆ. ಎರಡು ವಾರದ ನಂತರ ನೋಡಿದರೆ ಕ್ರೆಡಿಟ್ ಪೂರ್ತಿ ಖಾಲಿ. ನಾನು ಬಳಸಿದ ಸರ್ವಿಸ್‌ನಲ್ಲಿ ಒಳಗಿನಿಂದ ಆಫ್ ಮಾಡಿದರೆ ಮಷಿನ್ ನಮ್ಮ ಹೆಸರಿಗೇ ಕಾದಿಟ್ಟಿರುತ್ತದೆ, ಬಾಡಿಗೆ ಓಡುತ್ತಲೇ ಇರುತ್ತದೆ. ಪೋರ್ಟಲ್‌ನಿಂದಲೇ ನಿಲ್ಲಿಸಿ ಬಿಟ್ಟುಕೊಡಬೇಕಿತ್ತು. ಹಾಗೆ ನಿಲ್ಲಿಸಿದರೂ ಡಿಸ್ಕ್‌ನ ಬಿಲ್ ಸಾಮಾನ್ಯವಾಗಿ ನಿಲ್ಲೋದಿಲ್ಲ. ಬಳಸಿದಷ್ಟಕ್ಕೆ ದುಡ್ಡು ಅಂತ ಓದಿರುತ್ತೀವಿ ಅಲ್ವಾ, ಹಿಡಿದಿಟ್ಟುಕೊಂಡದ್ದೂ ಬಳಸಿದ ಲೆಕ್ಕಕ್ಕೇ ಬರುತ್ತದೆ. ನಿಮಗೆ ಹೀಗಾಗಬಾರದು.

ಶುಕ್ರವಾರದ ಲ್ಯಾಬ್‌ನಲ್ಲಿ ಇದೇ ಹಾಜರಿ ಆ್ಯಪನ್ನು ನೀವು ವರ್ಚುವಲ್ ಮಷಿನ್ ಮೇಲೆ ನಿಲ್ಲಿಸಬೇಕು. ಕೋಡ್ ಕೋರ್ಸ್ ಫೋಲ್ಡರ್‌ನಲ್ಲಿದೆ. ಬರುವ ಮೊದಲು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಒಮ್ಮೆ ಓಡಿಸಿ ನೋಡಿ, ಎಸ್‌ಎಸ್‌ಎಚ್ ಕೀ ಮಾಡಿಟ್ಟುಕೊಳ್ಳಿ:

```
ssh-keygen -t ed25519
```

`.pub` ಎಂದು ಮುಗಿಯುವ ಫೈಲನ್ನು ಮಾತ್ರ ಅಪ್‌ಲೋಡ್ ಮಾಡಿ. ಇನ್ನೊಂದನ್ನು ಯಾರಿಗೂ ಕಳಿಸಬೇಡಿ, ನನಗೂ ಕೂಡ. ಕೀ ಮಾಡುವಾಗ ಎಲ್ಲಾದರೂ ಸಿಕ್ಕಿಕೊಂಡರೆ ಗುರುವಾರ ಸಂಜೆ ನಾಲ್ಕರಿಂದ ಐದರವರೆಗೆ ಎರಡನೇ ಲ್ಯಾಬ್‌ನಲ್ಲಿ ಇರುತ್ತೇನೆ, ಬನ್ನಿ.

ನಿಮ್ಮ ಟಿಎ