ತಾಳೆಗರಿ ಡಿಜಿಟಲೀಕರಣ ಯೋಜನೆಯ ಸಂಶೋಧನಾ ಸಹಾಯಕ ಹುದ್ದೆ: ಸಂದರ್ಶನದ ನಂತರ ಆಯ್ಕೆ ಸಮಿತಿಗೆ ಪತ್ರ

ದಿನಾಂಕ: ಮಾರ್ಚ್ 14

ಗೆ,
ಸದಸ್ಯ ಕಾರ್ಯದರ್ಶಿಯವರು,
ಆಯ್ಕೆ ಸಮಿತಿ, ಹಸ್ತಪ್ರತಿ ವಿಭಾಗ

ವಿಷಯ: ಮಾರ್ಚ್ 12ರ ಸಂದರ್ಶನದಲ್ಲಿ ಸಮಿತಿ ಕೇಳಿದ ಪ್ರಶ್ನೆಗಳಿಗೆ ಪೂರಕ ವಿವರ ಮತ್ತು ದಾಖಲೆಗಳು
ಉಲ್ಲೇಖ: ಅರ್ಜಿ ಸಂಖ್ಯೆ 17

ಮಾನ್ಯರೆ,

ಬುಧವಾರದ ಸಂದರ್ಶನಕ್ಕೆ ಸಮಯ ಕೊಟ್ಟ ಸಮಿತಿಯ ಎಲ್ಲ ಸದಸ್ಯರಿಗೂ ವಂದನೆಗಳು. ಪ್ರಶ್ನೆಗಳು ನೇರವಾಗಿ ಕೆಲಸದ ಮೇಜಿನ ಮೇಲಿನವೇ ಆಗಿದ್ದವು. ಅವುಗಳಲ್ಲಿ ಮೂರಕ್ಕೆ ಉತ್ತರ ಮುಗಿಯುವ ಮೊದಲೇ ಸಮಯವಾಯಿತು. ಉಳಿದದ್ದನ್ನು ಇಲ್ಲಿ ಬರೆದಿದ್ದೇನೆ. ಒಬ್ಬ ಸದಸ್ಯರಿಗೆ ಪ್ರತ್ಯೇಕವಾಗಿ ಬರೆಯುವುದು ಸರಿಯಲ್ಲವಾದ್ದರಿಂದ ತಮ್ಮ ಮೂಲಕ ಎಲ್ಲರಿಗೂ ಒಂದೇ ಪತ್ರ ಕಳುಹಿಸುತ್ತಿದ್ದೇನೆ.

ಮೊದಲನೆಯದು, ವಿಭಾಗದಲ್ಲಿ ಈಗಿರುವ 24 ಮೆಗಾಪಿಕ್ಸೆಲ್ ಕ್ಯಾಮೆರಾ ಸಾಕೇ ಎಂಬ ಪ್ರಶ್ನೆ. ಸಮಿತಿ ಹೇಳಿದಂತೆ ಗರಿಗಳ ಸರಾಸರಿ ಉದ್ದ 40 ಸೆಂ.ಮೀ. ಬಣ್ಣದ ಪಟ್ಟಿ, ಅಳತೆ ಪಟ್ಟಿ, ಅಂಚು ಸೇರಿದರೆ ಚೌಕಟ್ಟು 44 ಸೆಂ.ಮೀ. ಅಗಲ, 10 ಸೆಂ.ಮೀ. ಎತ್ತರ ಬೇಕು. ಕ್ಯಾಮೆರಾದ 6,000 ಪಿಕ್ಸೆಲ್ ಅಗಲವನ್ನು ಇದಕ್ಕೆ ಹಂಚಿದರೆ ಒಂದು ಅಂಗುಲಕ್ಕೆ 346 ಪಿಕ್ಸೆಲ್ ಸಿಗುತ್ತದೆ. 4 ಮಿ.ಮೀ. ಎತ್ತರದ ಅಕ್ಷರಕ್ಕೆ ಸುಮಾರು 54 ಪಿಕ್ಸೆಲ್ ಬರುವುದರಿಂದ ಓದಲು ಧಾರಾಳವಾಗಿ ಸಾಕು. ತೊಂದರೆ ಬರುವುದು ಒತ್ತಕ್ಷರಗಳಲ್ಲಿ. 1 ಮಿ.ಮೀ. ಒತ್ತಿಗೆ ಉಳಿಯುವುದು 13 ಪಿಕ್ಸೆಲ್ ಮಾತ್ರ. ಅಲ್ಲಿ ತ ಒತ್ತೋ ನ ಒತ್ತೋ ಎಂದು ಹೇಳಲಾಗುವುದಿಲ್ಲ. ಹಾಗಾಗಿ ಕಟ್ಟು ಬಿಚ್ಚಿದ ಕೂಡಲೇ ಅಕ್ಷರದ ಎತ್ತರ ಅಳೆದು, 3 ಮಿ.ಮೀ.ಗಿಂತ ಚಿಕ್ಕದಿದ್ದರೆ ಆ ಗರಿಯನ್ನು ಎಡ–ಬಲ ಎರಡು ಚಿತ್ರಗಳಲ್ಲಿ ತೆಗೆಯಬೇಕು. ಪ್ರತಿ ಚಿತ್ರಕ್ಕೆ 24 ಸೆಂ.ಮೀ., ನಡುವೆ 4 ಸೆಂ.ಮೀ. ಎರಡರಲ್ಲೂ ಬರುವಂತೆ. ಆಗ ಅಂಗುಲಕ್ಕೆ 635 ಪಿಕ್ಸೆಲ್ ದೊರೆಯುತ್ತದೆ. ಡೊಂಕಾದ ಗರಿಯಲ್ಲಿ ಜೋಡಣೆಯ ಗೆರೆ ಅಕ್ಷರದ ಮೇಲೆ ಬಿದ್ದರೆ ಅಕ್ಷರ ಒಡೆದು ಕಾಣುತ್ತದೆ. ಆದ್ದರಿಂದ ಜೋಡಿಸಿದ ಚಿತ್ರದ ಜೊತೆಗೆ ಎರಡು ಬಿಡಿ ಚಿತ್ರಗಳನ್ನೂ ಉಳಿಸಿಕೊಳ್ಳಬೇಕು. ಹೊಸ ಕ್ಯಾಮೆರಾ ಕೊಳ್ಳುವ ಮುನ್ನ ಎಷ್ಟು ಗರಿಗಳಿಗೆ ಇದು ಬೇಕಾಗುತ್ತದೆಂದು ಹತ್ತು ಕಟ್ಟುಗಳಲ್ಲಿ ನೋಡುವುದು ಒಳ್ಳೆಯದು.

ಐದರಲ್ಲಿ ಒಂದು ಪಾಲು ಅಂಥವು ಎಂದುಕೊಂಡರೆ ಲೆಕ್ಕ ಹೀಗೆ ಬರುತ್ತದೆ. 300 ಕಟ್ಟು, ಕಟ್ಟಿಗೆ 120 ಗರಿ, ಒಟ್ಟು 36,000 ಗರಿ, 72,000 ಮುಖ. ಸಂಕೋಚಿಸದ ಟಿಫ್ ಫೈಲು ಒಂದೇ ಚಿತ್ರದ ಮುಖಕ್ಕೆ ಸುಮಾರು 25 ಎಂಬಿ, ಜೋಡಿಸಿದ್ದಕ್ಕೆ 83 ಎಂಬಿ. ಬಿಡಿ ಚಿತ್ರಗಳನ್ನು ಬಿಟ್ಟು ಎಲ್ಲ ಸೇರಿ 2.6 ಟಿಬಿ. ಮೂರು ಪ್ರತಿ ಇಟ್ಟರೆ 8 ಟಿಬಿಯ ಹತ್ತಿರ. ಕ್ಯಾಮೆರಾದ ರಾ ಫೈಲುಗಳನ್ನು ಉಳಿಸಿದರೆ ಹೆಚ್ಚುಕಡಿಮೆ ಇದರ ಎರಡರಷ್ಟು ಜಾಗ ಬೇಕು. ಉಳಿಸಬೇಕೆಂದೇ ನನ್ನ ಅಭಿಪ್ರಾಯ. ಮೂರು ಪ್ರತಿಗಳಲ್ಲಿ ಒಂದು ಬೇರೆ ಕಟ್ಟಡದಲ್ಲಿರಬೇಕು. ಫೈಲಿನ ಹೆಸರಿನಲ್ಲಿ ಕಟ್ಟಿನ ಸಂಖ್ಯೆ, ಗರಿ, ಮುಖ ಇವಿಷ್ಟೇ ಸಾಕು: `K0123_045_a.tif`. ಕೃತಿಯ ಹೆಸರು ಬೇಡ, ಏಕೆಂದರೆ ಗುರುತಿಸಿದ ಕೃತಿ ಆಮೇಲೆ ಬದಲಾಗುವುದುಂಟು. ನಕಲು ಮಾಡಿದ ಪ್ರತಿಸಲವೂ ಫೈಲು ಕೆಟ್ಟಿಲ್ಲವೆಂದು ಈ ಆಜ್ಞೆಯಿಂದ ಪರೀಕ್ಷಿಸಬಹುದು:

```
sha256sum -c manifest.txt
```

ಎರಡನೆಯದು, ಎಣ್ಣೆ ಹಚ್ಚಿ ಆಮೇಲೆ ಚಿತ್ರ ತೆಗೆದರೆ ಅಕ್ಷರ ಚೆನ್ನಾಗಿ ಕಾಣುವುದಿಲ್ಲವೇ ಎಂದು ಹಿರಿಯ ಸದಸ್ಯರು ಕೇಳಿದ್ದರು. ಕಣ್ಣಿಗೆ ಕಾಣುತ್ತದೆ, ಕ್ಯಾಮೆರಾಕ್ಕೆ ಅಲ್ಲ. ಎಣ್ಣೆ ಹಚ್ಚಿದ ಗರಿ ದೀಪದ ಬೆಳಕನ್ನು ಹಿಂದಕ್ಕೆ ಎಸೆದು ಚಿತ್ರದಲ್ಲಿ ಬಿಳಿ ಕಲೆ ಬೀಳಿಸುತ್ತದೆ. ಎಣ್ಣೆ ಹೆಚ್ಚಾದರೆ ಧೂಳು ಅಂಟುತ್ತದೆ, ಕಾಲ ಕಳೆದಂತೆ ಗರಿ ಕಪ್ಪಾಗುತ್ತದೆ. ಅಕ್ಷರ ಕಂಟದಿಂದ ಕೊರೆದದ್ದು. ತುಂಬಿದ ಮಸಿ ಹೋಗಿದ್ದರೂ ಗೀರು ಉಳಿದಿರುತ್ತದೆ. ಅಂಥ ಗರಿಗೆ ಒಂದೇ ಬದಿಯಿಂದ, 15ರಿಂದ 30 ಡಿಗ್ರಿ ಕೋನದಲ್ಲಿ ಬೆಳಕು ಬಿಟ್ಟರೆ ಗೀರಿನ ನೆರಳೇ ಅಕ್ಷರವನ್ನು ತೋರಿಸುತ್ತದೆ. ಮತ್ತೆ ಮಸಿ ತುಂಬುವುದು, ಎಣ್ಣೆ ಹಚ್ಚುವುದು ಎರಡೂ ಚಿತ್ರ ಮುಗಿದ ಮೇಲೆ, ಸಂರಕ್ಷಣಾ ತಜ್ಞರು ಒಪ್ಪಿದರೆ ಮಾತ್ರ.

ಹುಳು ಹಿಡಿದ ಕಟ್ಟು ಬಂದರೆ ಉಳಿದವುಗಳ ಜೊತೆ ಇಡದೆ ಪಾಲಿಥೀನ್ ಚೀಲದಲ್ಲಿ ಗಾಳಿ ತೆಗೆದು ಮುಚ್ಚಿ, −20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ ಒಂದು ವಾರ ಇಡಬೇಕು. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು. ಬಿಚ್ಚಿದರೆ ತಣ್ಣಗಿನ ಗರಿಯ ಮೇಲೆ ಹನಿಗಟ್ಟಿ ಬೂಸ್ಟು ಬರುತ್ತದೆ. ಅಂಟಿಕೊಂಡ ಗರಿಗಳನ್ನು ಒಣಗಿದ್ದಾಗ ಎಳೆದು ಬಿಡಿಸಿದರೆ ಮೇಲ್ಪದರವೇ ಕಿತ್ತು ಬರುತ್ತದೆ, ಅದರೊಂದಿಗೆ ಅಕ್ಷರವೂ. ಅವುಗಳನ್ನು ಬದಿಗಿಟ್ಟು ತಜ್ಞರಿಗೆ ಒಪ್ಪಿಸುವುದು ಮೇಲು. ವೇಳಾಪಟ್ಟಿಗಾಗಿ ಅವಸರಿಸುವ ಕೆಲಸವಲ್ಲ ಇದು. ಗರಿಗಳ ಕ್ರಮ ತಪ್ಪಿದ್ದರೂ ಇದ್ದ ಕ್ರಮದಲ್ಲೇ ಚಿತ್ರ ತೆಗೆದು, ಎಡ ಅಂಚಿನ ಗರಿಸಂಖ್ಯೆಯನ್ನು ಪಟ್ಟಿಯಲ್ಲಿ ಬೇರೆಯಾಗಿ ಬರೆಯಬೇಕು. ಮೊದಲೇ ಸರಿಪಡಿಸಿದರೆ ಕಟ್ಟು ನಮ್ಮ ಕೈಗೆ ಬಂದಾಗ ಹೇಗಿತ್ತೆಂಬ ಸಾಕ್ಷಿಯೇ ಅಳಿಯುತ್ತದೆ.

ಮೂರನೆಯದು, 18 ತಿಂಗಳಲ್ಲಿ ಮುಗಿಯುತ್ತದೆಯೇ ಎಂಬುದು. ಚಿತ್ರೀಕರಣ, ದಿನಕ್ಕೆ 300 ಚಿತ್ರದಂತೆ 86,400 ಚಿತ್ರಕ್ಕೆ 288 ದಿನ. ಶುಚಿಗೊಳಿಸುವಿಕೆ, ಒಬ್ಬರು ದಿನಕ್ಕೆ 60 ಗರಿಯಂತೆ ಇಬ್ಬರಿಗೆ 300 ದಿನ. ಸುಮಾರು 375 ಕೆಲಸದ ದಿನಗಳಲ್ಲಿ ಎರಡೂ ಜೊತೆಜೊತೆಯಾಗಿ ಸಾಗಿದರೆ ಮುಗಿಯುತ್ತದೆ, ಆದರೆ ಕುಂಚ ಹಿಡಿದವರು ಮೂರು ವಾರ ಮುಂದಿರಬೇಕು, ಇಲ್ಲವಾದರೆ ಕ್ಯಾಮೆರಾ ಕಾಯುತ್ತ ಕೂರುತ್ತದೆ. ಲಿಪ್ಯಂತರ ಮಾತ್ರ ಪೂರ್ತಿಯಾಗಿ ಆಗದು. ಎಚ್ಚರದಿಂದ ಓದುವವರು ದಿನಕ್ಕೆ ನಾಲ್ಕು ಗರಿ ಓದಿದರೆ 36,000 ಗರಿಗೆ 9,000 ದಿನ ಬೇಕು. ಹತ್ತು ಕಟ್ಟು, ಅಂದರೆ 1,200 ಗರಿಯನ್ನು ಆರಿಸಿಕೊಂಡು ಚೆನ್ನಾಗಿ ಮಾಡುವುದನ್ನೇ ಯೋಜನೆಯ ಭರವಸೆಯಾಗಿ ಬರೆಯುವುದು ಪ್ರಾಮಾಣಿಕ.

ಆ ಹತ್ತು ಕಟ್ಟುಗಳಲ್ಲಿ ಎರಡು ಪದರ ಬೇಕು: ಗರಿಯಲ್ಲಿ ಇದ್ದದ್ದು ಇದ್ದಂತೆ ಒಂದು, ಸಂಪಾದಿತ ಪಾಠ ಇನ್ನೊಂದು. ಹಳೆಯ ಗರಿಗಳಲ್ಲಿ ಎ–ಏ, ಒ–ಓ ವ್ಯತ್ಯಾಸವನ್ನು ಸಾಮಾನ್ಯವಾಗಿ ಗುರುತಿಸಿರುವುದಿಲ್ಲ; ಓದುಗ ತುಂಬಿದ ದೀರ್ಘ ಮೂಲದ್ದೆಂದು ಕಾಣಬಾರದು. ಱ (`U+0CB1`), ೞ (`U+0CDE`) ಎರಡೂ ಯೂನಿಕೋಡ್‌ನಲ್ಲಿರುವುದರಿಂದ ಅವುಗಳನ್ನು ರ, ಳ ಆಗಿ ಬದಲಿಸುವ ಕಾರಣವಿಲ್ಲ. ಹುಡುಕುವಾಗ ಮಾತ್ರ ಱ–ರ, ೞ–ಳ ಜೋಡಿಗಳನ್ನು ಒಂದೆಂದು ಪರಿಗಣಿಸಿದರೆ ಸಾಕು. ಟಿಇಐ ಗುರುತು ಹೀಗಿರುತ್ತದೆ:

```
<choice><orig>ಬೆಳೆ</orig><reg>ಬೇಳೆ</reg></choice>
<gap reason="damage" quantity="3" unit="chars"/>
```

ಸಮಿತಿ ಕೇಳಿದ್ದ ಮೂರು ದಾಖಲೆಗಳು ಲಗತ್ತಾಗಿವೆ: ಒಂದೇ ಗರಿಯನ್ನು ನೇರ ಬೆಳಕು ಮತ್ತು ಓರೆ ಬೆಳಕಿನಲ್ಲಿ ತೆಗೆದ ಚಿತ್ರಗಳು, ಎರಡು ಗರಿಗಳ ಲಿಪ್ಯಂತರ, ಹಾಲಿ ಮಾರ್ಗದರ್ಶಕರ ಶಿಫಾರಸು ಪತ್ರ. ಈಗಿನ ಕೆಲಸಕ್ಕೆ ಒಂದು ತಿಂಗಳ ಮುನ್ಸೂಚನೆ ಕೊಡಬೇಕಿರುವುದರಿಂದ, ಆಯ್ಕೆಯಾದಲ್ಲಿ ಆದೇಶ ಬಂದ ದಿನದಿಂದ 35 ದಿನಗಳೊಳಗೆ ಸೇರಬಲ್ಲೆ. ಫಲಿತಾಂಶ ಮಾರ್ಚ್ ಕೊನೆಗೆ ಎಂದು ತಿಳಿಸಿದ್ದಿರಿ. ಅಲ್ಲಿಯವರೆಗೆ ಮತ್ತೆ ಬರೆದು ತಮಗೆ ತೊಂದರೆ ಕೊಡುವುದಿಲ್ಲ. ಸಮಿತಿಗೆ ಇನ್ನಾವುದಾದರೂ ವಿವರ ಬೇಕಾದಲ್ಲಿ ಅರ್ಜಿಯಲ್ಲಿ ಕೊಟ್ಟಿರುವ ವಿಳಾಸಕ್ಕೆ ಬರೆದರೆ ಎರಡು ದಿನದೊಳಗೆ ಉತ್ತರಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಅಭ್ಯರ್ಥಿ, ಅರ್ಜಿ ಸಂಖ್ಯೆ 17

ಲಗತ್ತು: 3