ಉದ್ರಿ ವಹಿ — ಕಂತು 3: ‘ಕದರಮಂಡಲಗಿ’ (ಎರಡನೇ ಕರಡು)

ಮಂಜಣ್ಣಾ,

ಮೊದಲ ಕರಡಿನಲ್ಲಿ ನೀಲಾ ಬೆಳಿಗ್ಗೆ ಎದ್ದು, ಅಪ್ಪನ ಫೋಟೋಕ್ಕೆ ಕೈಮುಗಿದು, ಅಡುಗೆಯ ಪಾರವ್ವನ ಮುಂದೆ ನಾಲ್ಕು ನಿಮಿಷ ಹಳೇ ಕತೆ ಹೇಳುತ್ತಿದ್ದಳು. ಅದನ್ನೆಲ್ಲ ತೆಗೆದಿದ್ದೇನೆ. ಅದರ ಬದಲು ಸಾಲ ಬರೆದ ಆ ರಾತ್ರಿಯನ್ನೇ ಕೋಲ್ಡ್ ಓಪನ್ ಮಾಡಿದ್ದೇನೆ. ಇನ್ನು ಮುಂದೆ ಪ್ರತಿ ಕಂತೂ ಹೀಗೇ ಶುರುವಾಗಲಿ: ವಹಿಯ ಒಂದು ಸಾಲು ಹುಟ್ಟಿದ ಗಳಿಗೆ, ಅದರ ಅರ್ಥ ಬಿಟ್ಟುಕೊಡದೆ. ಟೈಟಲ್ ಸೀಕ್ವೆನ್ಸನ್ನೂ, ಎಲ್ಲ ಕಂತಿಗೂ ಬರುವ ಮೂರು ತುಣುಕುಗಳನ್ನೂ (ಪಾಟಿ, ಪಂಕ್ತಿ, ವಹಿ) ಜಾಗ ನೋಡಿ ಕೂರಿಸಿದ್ದೇನೆ. ಒಟ್ಟು 22 ನಿಮಿಷ ದಾಟಬಾರದು.

ಕೋಲ್ಡ್ ಓಪನ್ (1 ನಿಮಿಷ 50 ಸೆಕೆಂಡ್)

ಒಳಾಂಗಣ. ಖಾನಾವಳಿ, ಹುಬ್ಬಳ್ಳಿ. ರಾತ್ರಿ. 16 ವರ್ಷದ ಹಿಂದೆ, ಮಾರ್ಚ್.

ಹೊರಗೆ ಅಕಾಲದ ಮಳೆ, ತಗಡಿನ ಮೇಲೆ ಸದ್ದು. ಬೆಂಚುಗಳನ್ನು ಮೇಲೆತ್ತಿ ಇಟ್ಟಾಗಿದೆ. ಒಂದೇ ಬೆಂಚು ಕೆಳಗಿದೆ. ಅಲ್ಲಿ ಬಸವಣ್ಣೆಪ್ಪ (30) ಕೊನೆಯ ತುತ್ತು ಉಣ್ಣುತ್ತಿದ್ದಾನೆ. ಎದುರಿಗೆ ಬಟ್ಟೆಯಲ್ಲಿ ಕಟ್ಟಿದ ಬುತ್ತಿ, ದವಾಖಾನೆಗೆ ಒಯ್ಯಲು. ಗಲ್ಲಾದಲ್ಲಿ ಖಾನಾವಳಿಯ ಮಾಲೀಕ ಶಿವಪ್ಪ. ಅವನ ಹಿಂದೆ ಚಾಪೆಯ ಮೇಲೆ ಮಗಳು ನೀಲಾ (9), ಕಣ್ಣು ಅರ್ಧ ಮುಚ್ಚಿದೆ.

ಬಸವಣ್ಣೆಪ್ಪ ಜೇಬಿನಿಂದ ಚಿಲ್ಲರೆ ತೆಗೆದು ಗಲ್ಲಾದ ಮೇಲೆ ಇಡುತ್ತಾನೆ. ಎಣಿಸುತ್ತಾನೆ. ಮತ್ತೆ ಎಣಿಸುತ್ತಾನೆ.

ಬಸವಣ್ಣೆಪ್ಪ: ನಾಳೆ ಡಿಸ್ಚಾರ್ಜ್ ಮಾಡ್ತಾರಂತ್ರಿ. ಊರಿಗೆ ಹೋಗಿ…

(ಮಳೆಯ ಕಡೆ ನೋಡುತ್ತಾನೆ. ಮಾತು ಮುಂದುವರಿಯುವುದಿಲ್ಲ.)

ಶಿವಪ್ಪ: ಕಾಯಿ ಕಣದಾಗ ಐತೇನು?

ಬಸವಣ್ಣೆಪ್ಪ: ಕಣದಾಗ ಐತ್ರಿ. ಹೊಚ್ಚಾಕ ಯಾರಿಲ್ಲ.

ಶಿವಪ್ಪ ಚಿಲ್ಲರೆಯನ್ನು ಅವನ ಕಡೆಗೇ ಸರಿಸುತ್ತಾನೆ. ವಹಿ ತೆರೆಯುತ್ತಾನೆ.

ಶಿವಪ್ಪ: ಹೆಸರ ಹೇಳೋ ತಮ್ಮಾ. ಊರು?

ಕ್ಲೋಸಪ್: ಶಾಯಿ ಪೆನ್ನು. ‘ಬಸವಣ್ಣೆಪ್ಪ, ಕದರಮಂಡಲಗಿ. 11 ದಿವಸ, ಎರಡು ಹೊತ್ತು.’ ಪೆನ್ನು ರೂಪಾಯಿ ಕಾಲಮ್ಮಿಗೆ ಬರುತ್ತದೆ. ನಿಲ್ಲುತ್ತದೆ. ಎತ್ತಿಕೊಳ್ಳುತ್ತದೆ.

ನೀಲಾ (ಚಾಪೆಯಿಂದ): ಅಪ್ಪಾ, ರೂಪಾಯಿ ಬರೀಲಿಲ್ಲ?

ಶಿವಪ್ಪ ವಹಿ ಮುಚ್ಚುತ್ತಾನೆ.

ಶಿವಪ್ಪ: ಮಕ್ಕೋ ನೀ.

ದೀಪ ಆರಿಸುತ್ತಾನೆ. ಕತ್ತಲು. ಮಳೆಯ ಸದ್ದು ಮಾತ್ರ. ಆ ಸದ್ದಿನೊಳಗಿಂದಲೇ ‘ಪಟ್’ ಅಂತ ರೊಟ್ಟಿಯ ಮೊದಲ ಬಡಿತ.

ಟಿಪ್ಪಣಿ: ಇಲ್ಲಿ ಸಂಗೀತ ಬೇಡವೇ ಬೇಡ. ಶಿವಪ್ಪ ಕರುಣೆ ತೋರುವವನ ಹಾಗೆ ಕಾಣಬಾರದು. ರಾತ್ರಿ ಹತ್ತೂವರೆಗೆ ಅಂಗಡಿ ಮುಚ್ಚಬೇಕಾದವನ ದಣಿವು ಸಾಕು.

ಟೈಟಲ್ ಸೀಕ್ವೆನ್ಸ್ (35 ಸೆಕೆಂಡ್)

ಹಾಡಿಲ್ಲ. ಪಾರವ್ವ ರೊಟ್ಟಿ ಬಡಿಯುವ ಸದ್ದೇ ತಾಳ. ಮೊದಲು ನಿಧಾನ, ಹಿಟ್ಟು ಅಗಲವಾದಂತೆ ಚುರುಕು. ಪ್ರತಿ ಬಡಿತಕ್ಕೆ ಒಂದು ಚಿತ್ರ:

ಕೊಣಮಿಗಿಯಲ್ಲಿ ಜೋಳದ ಹಿಟ್ಟಿಗೆ ಬೀಳುವ ಕುದಿನೀರು. ಚೆನ್ನಮ್ಮ ಸರ್ಕಲ್, ಬೆಳಗಿನ ಮೊದಲ ಬಸ್ಸು. ದುರ್ಗದ ಬೈಲಿನಲ್ಲಿ ಅಂಗಡಿಯ ಬಾಗಿಲು ಮೇಲೇಳುವುದು. ಉಣಕಲ್ ಕೆರೆಯ ಮೇಲೆ ಮಂಜು. ಹೆಂಚಿನ ಮೇಲೆ ಉಬ್ಬುವ ರೊಟ್ಟಿ. ಆಮೇಲೆ ಸಿದ್ಧಾರೂಢ ಸ್ವಾಮೀಜಿ ರೈಲ್ವೆ ನಿಲ್ದಾಣದ ಉದ್ದನೆಯ ಪ್ಲಾಟ್‌ಫಾರ್ಮ್. ಅದು 1,507 ಮೀಟರ್. ಕ್ಯಾಮೆರಾ ನೀಲಾಳ ಬೆನ್ನ ಹಿಂದೆ ನಡೆಯುತ್ತದೆ, ತುದಿ ಕಾಣಿಸುವುದಿಲ್ಲ. ಅವಳ ಕೈಯಲ್ಲಿ ವಹಿ.

ಹೆಸರುಗಳೆಲ್ಲ ವಹಿಯ ಗೆರೆಹಾಳೆಯ ಮೇಲೆ ಶಾಯಿಯಲ್ಲಿ, ಶಿವಪ್ಪನ ಅಕ್ಷರದಲ್ಲಿ. ನಿರ್ದೇಶಕರ ಹೆಸರಿನ ಮುಂದೆ ರೂಪಾಯಿ ಕಾಲಮ್ಮು ಖಾಲಿ. ಕೊನೆಯ ಬಡಿತಕ್ಕೆ ಶೀರ್ಷಿಕೆ: ಉದ್ರಿ ವಹಿ.

ಟಿಪ್ಪಣಿ: ಕೊನೆಯ ಒಂದು ಚಿತ್ರ ಮಾತ್ರ ಕಂತಿನಿಂದ ಕಂತಿಗೆ ಬದಲಾಗಲಿ: ನೀಲಾ ಊರು ಬಿಡುವ ದಾರಿ. ಮೊದಲ ಕಂತಿಗೆ ಧಾರವಾಡದ ಬಸ್ಸಿತ್ತು, ಎರಡನೆಯದಕ್ಕೆ ಗದಗ ರಸ್ತೆ. ಈ ಸಲ ರೈಲು. ಮಿಕ್ಕ ಚಿತ್ರಗಳನ್ನು ಒಂದೇ ಸಲ ಶೂಟ್ ಮಾಡಿ ಇಟ್ಟುಕೊಳ್ಳೋಣ, ದುಡ್ಡು ಉಳಿಯುತ್ತದೆ. ಪಾರವ್ವನ ಪಾತ್ರದವರಿಗೆ ರೊಟ್ಟಿ ಬಡಿಯಲು ನಿಜವಾಗಿ ಬರಲೇಬೇಕು. ಬೇರೆಯವರ ಕೈ ತೋರಿಸಿದರೆ ನಮ್ಮ ಕಡೆಯ ಜನ ಮೊದಲ ಬಡಿತಕ್ಕೇ ಹಿಡಿಯುತ್ತಾರೆ.

ದೃಶ್ಯ 1. ಪಾಟಿ (25 ಸೆಕೆಂಡ್)

ಹೊರಾಂಗಣ. ಖಾನಾವಳಿಯ ಬಾಗಿಲು. ಬೆಳಿಗ್ಗೆ. ಈಗ.

ಮುತ್ತು (14) ಸ್ಟೂಲಿನ ಮೇಲೆ ನಿಂತು ಕರಿಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆಯುತ್ತಿದ್ದಾನೆ. ಕ್ಯಾಮೆರಾ ಅಲುಗುವುದಿಲ್ಲ. ಪಾಟಿ ತುಂಬ:

ಜೋಳದ ರೊಟ್ಟಿ
ಝುಣಕ
ಮಡಿಕಿ ಕಾಳ ಪಲ್ಲೆ
ಶೇಂಗಾ ಚಟ್ನಿ
ಎಣ್ಣಿಗಾಯಿ

ನೀಲಾ (25) ಹಿಂದೆ ಬಂದು ನಿಲ್ಲುತ್ತಾಳೆ. ಅವನ ಕೈಯಿಂದ ಸುಣ್ಣ ತೆಗೆದುಕೊಂಡು ‘ಎಣ್ಣಿಗಾಯಿ’ಯ ಮುಂದೆ ‘ಇಲ್ಲ’ ಅಂತ ಬರೆಯುತ್ತಾಳೆ.

ಮುತ್ತು: ಬದನಿಕಾಯಿ ತಂದೇನಲ್ಲಕ್ಕಾ.

ನೀಲಾ: ಬದನಿಕಾಯಿದಲ್ಲೋ ತ್ರಾಸು.

ದೃಶ್ಯ 2. ಒಳಾಂಗಣ. ಅಡುಗೆಮನೆ

ಪಾರವ್ವ (60) ಅಂಗಡಿಯ ಖಾರಪುಡಿ ಪ್ಯಾಕೆಟ್ ಕತ್ತರಿಸಿ ಮೂಸಿ, ಮುಖ ತಿರುಗಿಸುತ್ತಾಳೆ.

ಪಾರವ್ವ: ಬಣ್ಣ ಐತಿ, ವಾಸನಿ ಇಲ್ಲ. ನಿಮ್ಮಪ್ಪ ಇದ್ದಾಗಿನ ಖಾರ ಎಲ್ಲಿಂದ ಬರ್ತಿತ್ತೋ, ಆ ಶಿವನಿಗೇ ಗೊತ್ತು. ಸುಗ್ಗ್ಯಾಗ ಒಂದ ಚೀಲ ಇಳಸ್ತಿದ್ದ. ಕೇಳಿದ್ರ, ‘ನಿನಗ ಅಡಿಗಿ ಮಾಡಾಕ ಹೇಳೇನಿ’ ಅಂತಿದ್ದ.

ನೀಲಾ ವಹಿ ತಿರುವುತ್ತಾಳೆ. ಆ ಪುಟ. ಖಾಲಿ ಕಾಲಮ್ಮು.

ನೀಲಾ: ಇವತ್ತ ಕದರಮಂಡಲಗಿಗೆ ಹೋಗಿ ಬರ್ತೇನಿ.

ಪಾರವ್ವ: ದೇವರಿಗೆ? ನಿಮ್ಮಪ್ಪನೂ ವರ್ಷಕ್ಕೊಮ್ಮಿ ಕಾಂತೇಶನ ಗುಡಿಗೆ ಅಂತ ಹೋಗ್ತಿದ್ದ.

ನೀಲಾ: ವಸೂಲಿಗೆ.

ಟಿಪ್ಪಣಿ: ಉತ್ತರ ಇಲ್ಲೇ ಇದೆ, ಆದರೆ ಪಾರವ್ವ ಎರಡನ್ನೂ ಬೇರೆ ಬೇರೆ ಉಸಿರಿನಲ್ಲಿ ಹೇಳಬೇಕು. ಒಟ್ಟಿಗೆ ಹೇಳಿದರೆ ನೋಡುವವರು ನೀಲಾಳಿಗಿಂತ ಮೊದಲೇ ಅಲ್ಲಿ ಮುಟ್ಟುತ್ತಾರೆ.

ದೃಶ್ಯ 3. ರೈಲು

ಕಿಟಕಿ. ಕುಂದಗೋಳ, ಸವಣೂರು, ಹಾವೇರಿಯ ಹಳದಿ ಬೋರ್ಡುಗಳು ಹಾದುಹೋಗುತ್ತವೆ. ಕಪ್ಪು ಎರೆಭೂಮಿ. ಅಲ್ಲಲ್ಲಿ ಕಣದಲ್ಲಿ ಹರಡಿದ ಕೆಂಪು. ಮಾತಿಲ್ಲ.

ದೃಶ್ಯ 4. ಹೊರಾಂಗಣ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆ

ಚೀಲಗಳ ಸಾಲು, ಬಾಯಿ ಬಿಚ್ಚಿಟ್ಟಿದ್ದಾರೆ. ಮೇಲೆ ಲಾಟ್ ನಂಬರಿನ ಚೀಟಿ. ವ್ಯಾಪಾರಿಗಳು ಮೂಗಿಗೆ ಟವೆಲ್ ಕಟ್ಟಿ, ಕಾಯಿ ಮುರಿದು ನೋಡಿ, ಟೆಂಡರಿಗೆ ಹಾಕಲು ದರ ಬರೆದುಕೊಳ್ಳುತ್ತಿದ್ದಾರೆ. ನೀಲಾ ಸೀನುತ್ತಾಳೆ. ಮತ್ತೆ ಸೀನುತ್ತಾಳೆ. ಅಡತಿ ಅಂಗಡಿಯ ನೆರಳಲ್ಲಿ ತೊಟ್ಟು ಬಿಡಿಸುತ್ತ ಕೂತ ಹೆಂಗಸರು ನಗುತ್ತಾರೆ.

ಮುದುಕಿ: ಸೆರಗ ಹೊತ್ಕೋ ಯವ್ವಾ. ಯಾವೂರು?

ನೀಲಾ: ಹುಬ್ಬಳ್ಳಿರಿ. ಖಾನಾವಳಿ ಐತ್ರಿ ನಮ್ದು. ಕದರಮಂಡಲಗಿ ಬಸವಣ್ಣೆಪ್ಪನವರ ಮನಿ…

ಮುದುಕಿ ಕೇಳಿಸಿಕೊಳ್ಳದೆ ರಾಶಿಯಿಂದ ಎರಡು ಕಾಯಿ ಎತ್ತಿ ಅವಳ ಅಂಗೈಗೆ ಹಾಕುತ್ತಾಳೆ. ಕ್ಲೋಸಪ್: ಒಂದು ಉದ್ದ, ಸಣ್ಣ, ಮೈಯೆಲ್ಲ ಸುಕ್ಕು. ಇನ್ನೊಂದು ಗಿಡ್ಡ, ಹೊಟ್ಟೆ ದಪ್ಪ.

ಮುದುಕಿ: ಖಾನಾವಳಿಯಾಕಿ ಅಂದ್ರ ಇದು ಗೊತ್ತಿರ್ಬೇಕು. ಇದು ಕಡ್ಡಿ, ಇದು ಡಬ್ಬಿ. ಖಾರಕ್ಕ ಅಲ್ಲ ಇದನ್ನ ಕೊಳ್ಳೋದು, ಬಣ್ಣಕ್ಕ. ಮುರಿ. ಮೂಸು.

ನೀಲಾ ಕಡ್ಡಿಯನ್ನು ಮುರಿದು ಮೂಸುತ್ತಾಳೆ. ನಿಲ್ಲುತ್ತಾಳೆ. ಇದು ಅವಳ ಮನೆಯ ವಾಸನೆ.

ಮುದುಕಿ: ಬಸವಣ್ಣೆಪ್ಪನ ಮನಿಗೆ ಹೋಗಾಕ ಅಲ್ಲಿ ಟಂಟಂ ನಿಲ್ತಾವ ನೋಡು.

ದೃಶ್ಯ 5. ಪಂಕ್ತಿ (1 ನಿಮಿಷ)

ಒಳಾಂಗಣ. ಖಾನಾವಳಿ. ಮಧ್ಯಾಹ್ನ. ಪ್ರತಿ ಕಂತಿನಂತೆ ಅದೇ ಬೆಂಚು, ಅದೇ ಆ್ಯಂಗಲ್, ಅದೇ ಮೂವರು: ರಿಟೈರ್ಡ್ ರೈಲ್ವೆ ಗಾರ್ಡ್ ಹಿರೇಮಠ ಅಜ್ಜ, ಔಷಧ ಕಂಪನಿಯ ಕುಲಕರ್ಣಿ, ಕಾಲೇಜಿನ ಸವಿತಾ.

ಅಜ್ಜ: ಎಣ್ಣಿಗಾಯಿ ಇಲ್ಲೇನೋ ಮುತ್ತ್ಯಾ?

ಮುತ್ತು: ಇಲ್ರೀ ಅಜ್ಜಾರ.

ಕುಲಕರ್ಣಿ: ಒಂದ ವರ್ಷದಿಂದ ರುಚಿ ಬದಲಾಗ್ಯದ ಬಿಡ್ರಿ.

ಸವಿತಾ: ಬಿಟ್ಟು ಎಲ್ಲಿಗಾದ್ರೂ ಹೋಗೀರೇನ್ರೀ?

ಕುಲಕರ್ಣಿ: ಎಲ್ಲಿ ಹೋಗ್ಲಿ? ಶಿವಪ್ಪ ನಂದೂ ಮೂರ ತಿಂಗಳ ಉದ್ರಿ ಬರಕೊಂಡಿದ್ದ.

(ಅಜ್ಜ ಉಣ್ಣುವುದನ್ನು ನಿಲ್ಲಿಸಿ ಅವನನ್ನು ನೋಡುತ್ತಾನೆ.)

ಅಜ್ಜ: ನಂದೂ ಐತೋ.

ಮೂವರೂ ತಟ್ಟೆ ನೋಡುತ್ತ ಉಣ್ಣುತ್ತಾರೆ.

ಟಿಪ್ಪಣಿ: ಪಂಕ್ತಿಯವರು ನೀಲಾ ಎಲ್ಲಿ ಹೋಗಿದ್ದಾಳೆ ಅಂತ ಯಾವ ಕಂತಿನಲ್ಲೂ ಮಾತಾಡಬಾರದು. ಊಟದ ಮಾತಷ್ಟೇ. ಈ ‘ನಂದೂ ಐತೋ’ ಏಳನೇ ಕಂತಿಗೆ ಬಿತ್ತಿದ ಬೀಜ, ದಯವಿಟ್ಟು ಕತ್ತರಿಸಬೇಡ.

ದೃಶ್ಯ 6. ಹೊರಾಂಗಣ. ಬಸವಣ್ಣೆಪ್ಪನ ಮನೆಯಂಗಳ. ಇಳಿಹೊತ್ತು

ಬಸವಣ್ಣೆಪ್ಪ (46) ಕಟ್ಟೆಯ ಮೇಲೆ. ಎದುರಿಗೆ ನೀಲಾ, ಮಡಿಲಲ್ಲಿ ವಹಿ. ಇನ್ನೂ ತೆರೆದಿಲ್ಲ.

ಬಸವಣ್ಣೆಪ್ಪ: ಶಿವಪ್ಪಣ್ಣನ ಮಗಳಾ ನೀನು! ಗೌರೀ, ನೀರ ತಾ. ಅಣ್ಣಾರು ಎರಡ ಸುಗ್ಗಿ ಆತು, ಈ ಕಡೆ ಬರಲೇ ಇಲ್ಲಲ್ಲವ್ವಾ?

ನೀಲಾ ಬಾಯಿ ತೆರೆಯುತ್ತಾಳೆ. ವಸೂಲಿಯ ಮಾತು ಕಟ್ಟಿಕೊಂಡು ಬಂದವಳಿಗೆ ಬೇರೆ ಸುದ್ದಿ ಹೇಳಬೇಕಾಗಿದೆ.

ನೀಲಾ: ಅಪ್ಪ ಹೋಗಿ ಒಂದೂವರಿ ವರ್ಷಾತ್ರಿ ಕಾಕಾ.

ಮೌನ. ಗೌರವ್ವ (42) ತಂಬಿಗೆ ಹಿಡಿದು ಬಾಗಿಲಲ್ಲೇ ನಿಲ್ಲುತ್ತಾಳೆ. ಬಸವಣ್ಣೆಪ್ಪ ಎದ್ದು ಒಳಗೆ ಹೋಗುತ್ತಾನೆ. ಚೀಲ ಎಳೆಯುವ ಸದ್ದು. ಎರಡು ಚೀಲ ತಂದು ಅಂಗಳದಲ್ಲಿ ಇಡುತ್ತಾನೆ. ಎರಡರ ಮೇಲೂ ಇದ್ದಿಲಲ್ಲಿ ‘ಹುಬ್ಬಳ್ಳಿ’.

ಬಸವಣ್ಣೆಪ್ಪ: ಇದು ಹ್ವಾದ ಸುಗ್ಗೀದು. ಬಣ್ಣ ಇಳದೈತಿ, ಒಯ್ಯಬ್ಯಾಡ. ಇದು ಈ ಸಲದ್ದು. ಇದನ್ನ ಒಯ್ಯಿ.

ನೀಲಾ: ಅಪ್ಪ ದೇವರಿಗೆ ಹೋಗ್ತೇನಿ ಅಂತ ಹೇಳಿ ಬರ್ತಿದ್ದ ಕಾಕಾ…

ಬಸವಣ್ಣೆಪ್ಪ: ದೇವರಿಗೂ ಹೋಗ್ತಿದ್ದ. ಆಮ್ಯಾಲ ಇಲ್ಲಿ ಕುಂತು ಕಾಯಿಗೆ ಪ್ಯಾಟಿ ರೇಟ್ ಎಣಿಸಿ ಕೊಡ್ತಿದ್ದ. ‘ಬ್ಯಾಡೋ ಅಣ್ಣಾ, ಆ ಹನ್ನೊಂದ ದಿನದ ಅನ್ನದಾಗ ಮುರಕೋ’ ಅಂದ್ರ, ‘ವಹ್ಯಾಗ ರೂಪಾಯಿನ ಬರದಿಲ್ಲ, ಎಲ್ಲಿಂದ ಮುರಕೊಳ್ಳಿ?’ ಅಂತಿದ್ದ.

ಗೌರವ್ವ ನೀಲಾಳ ಪಕ್ಕ ಕೂರುತ್ತಾಳೆ. ತಂಬಿಗೆ ಕೊಡುತ್ತಾಳೆ.

ಗೌರವ್ವ: ಆ ಬುತ್ತಿ ನಾ ಉಂಡಾಕಿ.

ನೀಲಾ ನೀರು ಕುಡಿಯುತ್ತಾಳೆ. ವಹಿ ತೆರೆಯುವುದೇ ಇಲ್ಲ.

ಟಿಪ್ಪಣಿ: ಮೊದಲ ಕರಡಿನಲ್ಲಿ ಇಲ್ಲಿ ನೀಲಾ ಅಳುತ್ತಿದ್ದಳು. ಬೇಡ. ಗೌರವ್ವ ಬದುಕಿ ಎದುರಿಗೆ ಕೂತಿರುವುದೇ ದೃಶ್ಯ. ಕೋಲ್ಡ್ ಓಪನ್‌ನಲ್ಲಿ ಆ ಬುತ್ತಿ ಒಂದು ಕ್ಷಣವಾದರೂ ಫ್ರೇಮಿನ ನಡುವೆ ಇರಲಿ, ಆಗಲೇ ಈ ಮಾತು ನಾಟುತ್ತದೆ.

ದೃಶ್ಯ 7. ವಹಿ (40 ಸೆಕೆಂಡ್)

ಒಳಾಂಗಣ. ಖಾನಾವಳಿ. ರಾತ್ರಿ. ಕೋಲ್ಡ್ ಓಪನ್‌ನದೇ ಆ್ಯಂಗಲ್. ಗಲ್ಲಾದ ಪಕ್ಕ ಮೆಣಸಿನಕಾಯಿ ಚೀಲ.

ಹಿಂದಿನ ಎರಡು ಕಂತುಗಳಲ್ಲಿ ನೀಲಾ ಇಲ್ಲಿ ಕೆಂಪು ಗೆರೆ ಎಳೆದು ಸಾಲ ಹೊಡೆದುಹಾಕಿದ್ದಳು. ಈಗ ಕೆಂಪು ಪೆನ್ನು ಎತ್ತಿ, ಕೆಳಗಿಡುತ್ತಾಳೆ. ವಹಿಯನ್ನು ತಿರುವಿ ಹಿಂದಿನಿಂದ ಮೊದಲ ಖಾಲಿ ಹಾಳೆಗೆ ಬರುತ್ತಾಳೆ. ಮೇಲೆ ‘ಕೊಡಬೇಕಾದದ್ದು’ ಅಂತ ಬರೆಯುತ್ತಾಳೆ. ಅದರ ಕೆಳಗೆ:

‘ಬಸವಣ್ಣೆಪ್ಪ, ಕದರಮಂಡಲಗಿ. 1 ಚೀಲ, ಕಡ್ಡಿ.’

ಪೆನ್ನು ರೂಪಾಯಿ ಕಾಲಮ್ಮಿಗೆ ಬರುತ್ತದೆ. ನಿಲ್ಲುತ್ತದೆ.

ಮುತ್ತು (ಚಾಪೆಯಿಂದ): ಅಕ್ಕಾ, ನಾಳೆ ಪಾಟಿ ಮ್ಯಾಲೆ ಏನ ಬರೀಲಿ?

ನೀಲಾ: ‘ಇಲ್ಲ’ ಅನ್ನೋದ ಒರಸು.

ದೀಪ ಆರುತ್ತದೆ.