ರೇಖಾಖಂಡಕ್ಕೆ ಲಂಬಾರ್ಧಕ: ಎಳೆಯುವುದು ಹೇಗೆ, ಅದು ಸರಿ ಏಕೆ

ಮಂಡ್ಯ ತಾಲ್ಲೂಕಿನ ಕೆಲವು ಗಣಿತ ಮೇಷ್ಟ್ರುಗಳು ಸೇರಿ ಒಂಬತ್ತು, ಹತ್ತನೇ ತರಗತಿಯ ಮಕ್ಕಳಿಗೆ ಮಾಡಿದ ಪಾಠಪತ್ರ ಇದು. ಪಕ್ಕದಲ್ಲಿ ಗೆರೆಯಿಲ್ಲದ ಹಾಳೆ, ಕೈವಾರ ಇಟ್ಟುಕೊಂಡು ಓದಿ.

ಕೆಲಸ ಇಷ್ಟೇ. 7 ಸೆಂ.ಮೀ. ಉದ್ದದ AB ರೇಖಾಖಂಡ ಇದೆ. ಅದನ್ನು ಸರಿಪಾಲು ಮಾಡುವ, ಅದಕ್ಕೆ ಲಂಬವಾಗಿಯೂ ಇರುವ ಗೆರೆ ಬೇಕು. ಬಳಸಬಹುದಾದದ್ದು ಕೈವಾರ ಮತ್ತು ನೇರಪಟ್ಟಿ ಮಾತ್ರ. ಪಟ್ಟಿಯ ಮೇಲಿನ ಅಂಕಿಗಳನ್ನು AB ಎಳೆಯುವಾಗ ನೋಡಿಕೊಳ್ಳಿ, ಆಮೇಲೆ ಅವು ಅಳಿಸಿಹೋಗಿವೆ ಎಂದುಕೊಳ್ಳಿ. ‘ಮೂರೂವರೆಗೆ ಚುಕ್ಕೆ ಇಟ್ಟು ಕೋನಮಾಪಕದಲ್ಲಿ 90 ಹಿಡಿದರೆ ಆಯಿತಲ್ಲ ಸಾರ್’ ಎಂದು ಪ್ರತಿ ವರ್ಷ ಯಾರಾದರೂ ಒಬ್ಬರು ಕೇಳೇ ಕೇಳುತ್ತಾರೆ. AB 7.3 ಸೆಂ.ಮೀ. ಇದ್ದರೆ 3.65 ಅನ್ನು ಪಟ್ಟಿಯಲ್ಲಿ ಎಲ್ಲಿ ಹುಡುಕುತ್ತೀರಿ? ಉದ್ದ ಎಷ್ಟೆಂದೇ ಹೇಳದೆ ಒಂದು ಗೆರೆ ಕೊಟ್ಟರೆ? ಕೈವಾರಕ್ಕೆ ಉದ್ದ ಎಷ್ಟೆಂದು ಗೊತ್ತಿರಬೇಕಾಗಿಲ್ಲ.

ಸಾಧನ ನೋಡಿಕೊಳ್ಳಿ

ಜಾಮಿಟ್ರಿ ಬಾಕ್ಸಿನ ಕೈವಾರಕ್ಕೆ ಇರುವ ದೊಡ್ಡ ರೋಗ ಸಡಿಲ ತಿರುಪು. ತಲೆಯ ಹತ್ತಿರದ ತಿರುಪನ್ನು ಬಿಗಿ ಮಾಡಿ. ಕಾಲು ಅಗಲಿಸುವಾಗ ಸ್ವಲ್ಪ ಬಲ ಹಾಕಬೇಕು ಅನ್ನಿಸುವಷ್ಟು ಬಿಗಿ ಸಾಕು. ಪೆನ್ಸಿಲ್ ಸಿಕ್ಕಿಸುವಾಗ ಕೈವಾರ ಮುಚ್ಚಿ, ಮುಳ್ಳಿನ ತುದಿಗೆ ಪೆನ್ಸಿಲ್ ತುದಿ ಸಮ ಬರುವಂತೆ ಇಡಿ. ಚೂಪಾಗಿ ಹೆರೆದ ಗಿಡ್ಡ ಪೆನ್ಸಿಲ್ ಒಳ್ಳೆಯದು, ಉದ್ದದ್ದು ತಲೆಭಾರಕ್ಕೆ ವಾಲುತ್ತದೆ. ಹಾಳೆಯ ಕೆಳಗೆ ನಾಲ್ಕೈದು ಹಾಳೆ ಇರಲಿ. ಬರೀ ಬೆಂಚಿನ ಮೇಲೆ ಇಟ್ಟರೆ ಮುಳ್ಳು ಜಾರುತ್ತದೆ. ಪಟ್ಟಿ ನೆಟ್ಟಗಿದೆಯೇ ಎಂಬ ಅನುಮಾನವಿದ್ದರೆ ಎರಡು ಚುಕ್ಕೆಗಳ ನಡುವೆ ಒಂದು ಗೆರೆ ಎಳೆದು, ಪಟ್ಟಿಯನ್ನು ಮಗುಚಿ ಅದೇ ಅಂಚಿನಿಂದ ಇನ್ನೊಂದು ಎಳೆಯಿರಿ. ನಡುವೆ ಸಂದು ಕಂಡರೆ ಆ ಪಟ್ಟಿ ಬಿಡಿ.

ರಚನೆ

1. AB = 7 ಸೆಂ.ಮೀ. ಎಳೆಯಿರಿ. ತುದಿಗಳನ್ನು ಸಣ್ಣ ಚುಕ್ಕೆಯಲ್ಲಿ ಗುರುತಿಸಿ.
2. ಕೈವಾರವನ್ನು ಸುಮಾರು 5 ಸೆಂ.ಮೀ. ಅಗಲಿಸಿ. ಇನ್ನು ಮುಂದೆ ಕಾಲು ಅಲುಗಬಾರದು.
3. A ಮೇಲೆ ಮುಳ್ಳು ಊರಿ AB ಯ ಮೇಲೊಂದು, ಕೆಳಗೊಂದು ಕಂಸ ಎಳೆಯಿರಿ. ಕಂಸ ತುಸು ಉದ್ದವಾಗಿಯೇ ಇರಲಿ.
4. ಅದೇ ತ್ರಿಜ್ಯದಲ್ಲಿ B ಮೇಲೆ ಮುಳ್ಳು ಊರಿ, ಮೊದಲಿನ ಕಂಸಗಳನ್ನು ಕತ್ತರಿಸುವಂತೆ ಎರಡು ಕಂಸ ಎಳೆಯಿರಿ. ಮೇಲಿನ ಛೇದನ ಬಿಂದು P, ಕೆಳಗಿನದು Q.
5. P, Q ಸೇರಿಸಿ. ಈ ಗೆರೆ AB ಯನ್ನು ಕತ್ತರಿಸುವ ಬಿಂದು M. PQ ಲಂಬಾರ್ಧಕ, M ಮಧ್ಯಬಿಂದು.

ಕಂಸಗಳನ್ನು ಅಳಿಸಬೇಡಿ. ನೀವು ಅಳತೆ ಮಾಡಿ ಎಳೆದಿಲ್ಲ ಎಂಬುದಕ್ಕೆ ಉತ್ತರಪತ್ರಿಕೆಯಲ್ಲಿ ಉಳಿಯುವ ಸಾಕ್ಷಿ ಅವೇ.

ಐದೇ ಏಕೆ?

ತ್ರಿಜ್ಯ AB ಯ ಅರ್ಧಕ್ಕಿಂತ ಹೆಚ್ಚಿರಬೇಕು ಎಂದು ಎಲ್ಲರೂ ಬಾಯಿಪಾಠ ಮಾಡಿರುತ್ತೀರಿ. ಸರಿಯಾಗಿ 3.5 ಹಿಡಿದರೆ ಎರಡು ವೃತ್ತಗಳು M ನಲ್ಲಿ ಬರೀ ಮುಟ್ಟಿಕೊಳ್ಳುತ್ತವೆ. ಒಂದೇ ಬಿಂದು ಸಿಗುತ್ತದೆ, ಒಂದು ಬಿಂದುವಿನಿಂದ ಗೆರೆಯ ದಿಕ್ಕು ಗೊತ್ತಾಗುವುದಿಲ್ಲ. 3.5 ಕ್ಕಿಂತ ಕಡಿಮೆಯಾದರೆ ಅವು ಮುಟ್ಟುವುದೇ ಇಲ್ಲ.

ಆದರೆ 3.6 ಹಿಡಿದರೂ ನಿಯಮ ಮೀರಿದಂತಲ್ಲ, ಚಿತ್ರ ಮಾತ್ರ ಕೆಡುತ್ತದೆ. ಆಗ P ಇರುವ ಎತ್ತರ √(3.6² − 3.5²) ≈ 0.84 ಸೆಂ.ಮೀ. ಅಂದರೆ P, Q ನಡುವೆ ಒಂದೂ ಮುಕ್ಕಾಲು ಸೆಂ.ಮೀ. ಕೂಡ ಇಲ್ಲ. ಅಷ್ಟು ಹತ್ತಿರದ ಎರಡು ಚುಕ್ಕೆ ನಂಬಿ ಗೆರೆ ಉದ್ದ ಎಳೆದರೆ ಪೆನ್ಸಿಲ್ ದಪ್ಪವೇ ಅದನ್ನು ವಾಲಿಸುತ್ತದೆ. ಸಾಲದ್ದಕ್ಕೆ ಕಂಸಗಳು ಸುಮಾರು 27° ಯಲ್ಲಿ ಒಂದರ ಮೇಲೊಂದು ಸವರಿಕೊಂಡು ಹೋಗುವುದರಿಂದ, ಎಲ್ಲಿ ಕತ್ತರಿಸಿದವು ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. 12 ಸೆಂ.ಮೀ. ಹಿಡಿದರೂ ಇದೇ ಕಷ್ಟ, ಅಲ್ಲಿ ಕೋನ ಸುಮಾರು 34°. 5 ಹಿಡಿದರೆ ಕಂಸಗಳು ಹೆಚ್ಚುಕಮ್ಮಿ 89° ಯಲ್ಲಿ, ಕೂಡಿಸುವ ಗುರುತಿನ ಹಾಗೆ ಅಡ್ಡ ಬೀಳುತ್ತವೆ. ಸರಿಯಾಗಿ 90° ಬರುವುದು ತ್ರಿಜ್ಯ AB ಯ 1/√2 ಪಾಲು, ಅಂದರೆ ಸುಮಾರು ಹತ್ತರಲ್ಲಿ ಏಳು ಪಾಲು ಇದ್ದಾಗ. ಲೆಕ್ಕ ಬೇಡವೆಂದರೆ AB ಯನ್ನೇ ತ್ರಿಜ್ಯ ಮಾಡಿ. ಕೋನ 60° ಆಗುತ್ತದೆ, ಕೆಲಸ ನಡೆಯುತ್ತದೆ. ಯೂಕ್ಲಿಡ್ ಮಾಡಿದ್ದೂ ಅದೇ. ‘ಎಲಿಮೆಂಟ್ಸ್’ ಮೊದಲ ಪುಸ್ತಕದ 10ನೇ ಪ್ರಮೇಯದಲ್ಲಿ AB ಯ ಮೇಲೆ ಸಮಬಾಹು ತ್ರಿಭುಜ ಕಟ್ಟಿ, ಅದರ ಶೃಂಗಕೋನವನ್ನು ಅರ್ಧಿಸಿ ಮಧ್ಯಬಿಂದು ಹಿಡಿಯುತ್ತಾನೆ.

ಸಾಧನೆ

ನಾವು ಮಾಡಿದ್ದು P ಮತ್ತು Q ಹುಡುಕಿದ್ದು ಮಾತ್ರ. ಕೈವಾರದಿಂದ ಗೊತ್ತಾಗಿರುವುದು ಎರಡೇ ಸಂಗತಿ: PA = PB, QA = QB. M ಮಧ್ಯದಲ್ಲಿದೆ ಎಂದಾಗಲಿ, ಅಲ್ಲಿನ ಕೋನ 90° ಎಂದಾಗಲಿ ಇನ್ನೂ ಗೊತ್ತಿಲ್ಲ. P, Q ಗಳು AB ಯ ಆಚೆ ಈಚೆ ಇರುವುದರಿಂದ PQ ಗೆರೆ AB ರೇಖೆಯನ್ನು ಎಲ್ಲೋ ದಾಟಲೇಬೇಕು. ಆ ಜಾಗವೇ M.

ಮೊದಲ ಹೆಜ್ಜೆ: ∆PAQ ಮತ್ತು ∆PBQ ನೋಡಿ.
PA = PB, QA = QB (ರಚನೆ), PQ ಸಾಮಾನ್ಯ ಬಾಹು.
ಬಾ.ಬಾ.ಬಾ. ಪ್ರಕಾರ ಇವು ಸರ್ವಸಮ. ಆದ್ದರಿಂದ ∠APQ = ∠BPQ, ಅಂದರೆ ∠APM = ∠BPM.

ಎರಡನೇ ಹೆಜ್ಜೆ: ∆PAM ಮತ್ತು ∆PBM ನೋಡಿ.
PA = PB, ∠APM = ∠BPM (ಈಗ ತಾನೇ ಸಿಕ್ಕಿತು), PM ಸಾಮಾನ್ಯ ಬಾಹು.
ಬಾ.ಕೋ.ಬಾ. ಪ್ರಕಾರ ಇವೂ ಸರ್ವಸಮ. ಆದ್ದರಿಂದ AM = BM ಮತ್ತು ∠PMA = ∠PMB.

M ಇರುವುದು AB ರೇಖೆಯ ಮೇಲೆ, A ಗೂ B ಗೂ ಸಮದೂರದಲ್ಲಿ. ಆ ರೇಖೆಯ ಮೇಲೆ ಅಂಥ ಬಿಂದು ಮಧ್ಯಬಿಂದು ಒಂದೇ. ∠PMA, ∠PMB ಸರಳಯುಗ್ಮ, ಮೊತ್ತ 180°, ಎರಡೂ ಸಮ. ಹಾಗಾಗಿ ಒಂದೊಂದೂ 90°. ಸಾಧನೆ ಮುಗಿಯಿತು.

ಇಲ್ಲಿ ಅಂಕ ಕಳೆದುಕೊಳ್ಳುವುದು ಹೆಚ್ಚಾಗಿ ಮೊದಲ ಹೆಜ್ಜೆಯನ್ನು ಹಾರಿಸಿದವರು. ನೇರವಾಗಿ ∆PAM, ∆PBM ಗೆ ಬಂದು ‘AM = BM, ಆದ್ದರಿಂದ ಬಾ.ಬಾ.ಬಾ.’ ಎಂದು ಕೆಲವರು, ‘M ನಲ್ಲಿ ಲಂಬ, ಆದ್ದರಿಂದ ಲಂ.ಕ.ಬಾ.’ ಎಂದು ಕೆಲವರು ಬರೆಯುತ್ತಾರೆ. ಸಾಧಿಸಬೇಕಾದದ್ದನ್ನೇ ಸಾಲ ತಂದು ಸಾಧಿಸಿದಂತೆ ಅದು. ಚಿತ್ರದಲ್ಲಿ ಕಾಣುತ್ತದೆ ಎಂಬುದು ಕಾರಣವಾಗುವುದಿಲ್ಲ. ‘PAQB ವಜ್ರಾಕೃತಿ, ಅದರ ಕರ್ಣಗಳು ಲಂಬವಾಗಿ ಅರ್ಧಿಸುತ್ತವೆ’ ಎಂದು ಒಂದೇ ಸಾಲಿನಲ್ಲಿ ಮುಗಿಸುವುದು ತಪ್ಪಲ್ಲ. ಆ ಪ್ರಮೇಯವನ್ನು ಮೊದಲೇ ಸಾಧಿಸಿರಬೇಕು ಅಷ್ಟೆ.

ಯಾವ ತಪ್ಪು ಎಷ್ಟು ಕೆಡಿಸುತ್ತದೆ

ಸಾಧನೆಯನ್ನು ಇನ್ನೊಮ್ಮೆ ಓದಿ. PA = QA ಎಂದು ಎಲ್ಲಾದರೂ ಬಳಸಿದ್ದೇವೆಯೇ? ಇಲ್ಲ. ಹಾಗಾದರೆ ಮೇಲಿನ ಎರಡು ಕಂಸಕ್ಕೆ 5, ಕೆಳಗಿನ ಎರಡಕ್ಕೆ 6 ಹಿಡಿದರೂ ಗೆರೆ ಅಲುಗುವುದಿಲ್ಲ. ಆಕೃತಿ ವಜ್ರದ ಬದಲು ಗಾಳಿಪಟದ್ದಾಗುತ್ತದೆ, ಅಷ್ಟೆ. ‘ಅದೇ ತ್ರಿಜ್ಯ’ ಎಂದು ಮೇಷ್ಟ್ರು ಒತ್ತಿ ಹೇಳುವುದು ಕೈ ಅನುಕೂಲಕ್ಕೆ. A ಯಿಂದ ಎಳೆದದ್ದಕ್ಕೆ B ಯಿಂದ ಎಳೆದದ್ದು ಜೋಡಿಯಾಗಿ ಸಮ ಇರಬೇಕು ಎಂಬುದೊಂದೇ ನಿಜವಾದ ಷರತ್ತು.

ಈಗ ಆ ಷರತ್ತು ಮುರಿಯೋಣ. A ಮೇಲೆ 5 ಹಿಡಿದು ಎರಡೂ ಕಂಸ ಎಳೆದಿರಿ, B ಗೆ ಹೋಗುವಾಗ ಕೈವಾರ ಜಾರಿ 5.1 ಆಯಿತು. AM ಈಗ (49 + 25 − 26.01)/14 ≈ 3.43. ಅಂದರೆ M ಮಧ್ಯದಿಂದ 0.7 ಮಿ.ಮೀ. A ಕಡೆಗೆ ಸರಿದಿದೆ. ಆದರೆ PQ ಈಗಲೂ AB ಗೆ ಲಂಬವೇ! ಮೇಲಿನ ಚಿತ್ರವನ್ನು AB ಯ ಉದ್ದಕ್ಕೆ ಮಡಿಸಿದರೆ ಕೆಳಗಿನದರ ಮೇಲೆ ಕೂರುತ್ತದಲ್ಲ, ಅದಕ್ಕೆ. ಕೋನಮಾಪಕ ಇಟ್ಟು 90° ಕಂಡು ‘ಸರಿಯಾಯ್ತು’ ಎಂದುಕೊಂಡವರು ಇಲ್ಲಿ ಮೋಸಹೋಗುತ್ತಾರೆ.

ಕೊನೆಯ ಒಂದೇ ಕಂಸ ಎಳೆಯುವಾಗ ಜಾರಿದರೆ? P ಸರಿ, Q ತಪ್ಪು. M ಸರಿಯುವುದು ಸುಮಾರು 0.35 ಮಿ.ಮೀ. ಅಷ್ಟೇ, ಆದರೆ ಗೆರೆ ಅರ್ಧ ಡಿಗ್ರಿಗಿಂತ ತುಸು ಹೆಚ್ಚು ವಾಲುತ್ತದೆ. ಆದ್ದರಿಂದ ಪರೀಕ್ಷಿಸುವುದಾದರೆ ಎರಡನ್ನೂ ಪರೀಕ್ಷಿಸಿ: ಕೈವಾರದಲ್ಲಿ AM ಹಿಡಿದು M ನಿಂದ B ಗೆ ತಿರುಗಿಸಿ ನೋಡಿ, ಕೋನವನ್ನು ಬೇರೆಯಾಗಿ ನೋಡಿ.

AB ಹಾಳೆಯ ಬುಡದಲ್ಲಿದ್ದು ಕೆಳಗೆ ಜಾಗವಿಲ್ಲದಿದ್ದರೆ ಎರಡು ಬಿಂದುಗಳನ್ನೂ ಮೇಲೆಯೇ ಪಡೆಯಬಹುದು: A, B ಯಿಂದ 5 ಹಿಡಿದು ಒಂದು, 7 ಹಿಡಿದು ಇನ್ನೊಂದು. ಸಾಧನೆ ಅದೇ, ಎರಡನೇ ಹೆಜ್ಜೆಯನ್ನು ದೂರದ ಬಿಂದುವಿನಿಂದ ಮಾಡಿ. ಆದರೆ ಬಿಂದುಗಳ ನಡುವೆ 2.5 ಸೆಂ.ಮೀ. ಮಾತ್ರ ಇದ್ದು, ಅಲ್ಲಿಂದ ಮೂರೂವರೆ ಸೆಂ.ಮೀ. ಕೆಳಗೆ ಗೆರೆಯನ್ನು ಬೆಳೆಸಬೇಕು. ಬೇರೆ ದಾರಿಯಿಲ್ಲದಾಗ ಮಾತ್ರ ಮಾಡಿ.

ಹಗ್ಗದಲ್ಲಿ

ಶಾಲೆ ಮೈದಾನದಲ್ಲಿ 8 ಮೀಟರ್ ಅಂತರಕ್ಕೆ ಎರಡು ಗೂಟ ಹೊಡೆಯಿರಿ. ಎರಡೂ ತುದಿಗೆ ಕುಣಿಕೆ ಹಾಕಿದ 10 ಮೀಟರ್ ಹಗ್ಗವನ್ನು ಮಡಿಸಿ ನಡುವೆ ಗುರುತು ಮಾಡಿ. ಕುಣಿಕೆಗಳನ್ನು ಗೂಟಕ್ಕೆ ಸಿಕ್ಕಿಸಿ, ಗುರುತು ಹಿಡಿದು ಒಂದು ಪಕ್ಕಕ್ಕೆ ಎಳೆದು ಗೂಟ ನೆಡಿ. ಇನ್ನೊಂದು ಪಕ್ಕಕ್ಕೂ ಹಾಗೇ. ಎರಡೂ ಬಿಂದು AB ಯಿಂದ 3 ಮೀಟರ್ ದೂರ ಬೀಳಬೇಕು (5, 4, 3 ನೆನಪಾಯಿತೇ?). ಹಗ್ಗ ಹಿಗ್ಗಿದರೂ ಎರಡು ಅರ್ಧವೂ ಒಂದೇ ಸಮ ಹಿಗ್ಗಿದರೆ ಗೆರೆಗೆ ತೊಂದರೆಯಿಲ್ಲ. ಗೂಟ ವಾಲಿದರೆ ತೊಂದರೆ. ಕಾತ್ಯಾಯನ ಶುಲ್ಬಸೂತ್ರದಲ್ಲಿ ಯಜ್ಞಭೂಮಿಗೆ ಉತ್ತರ–ದಕ್ಷಿಣ ಹಿಡಿಯುವುದು ಹೀಗೆಯೇ: ನೆಟ್ಟಗೆ ನೆಟ್ಟ ಕೋಲಾದ ಶಂಕುವಿನ ನೆರಳಿನ ತುದಿ, ಅದರ ಸುತ್ತ ಎಳೆದ ವೃತ್ತವನ್ನು ಮುಟ್ಟುವ ಎರಡು ಕಡೆ ಗೂಟ ಹೊಡೆದರೆ ಪೂರ್ವ–ಪಶ್ಚಿಮ, ಅವುಗಳಿಗೆ ಹಗ್ಗ ಸಿಕ್ಕಿಸಿ ನಡುವೆ ಹಿಡಿದು ಎರಡೂ ಪಕ್ಕ ಎಳೆದರೆ ಉತ್ತರ–ದಕ್ಷಿಣ.

ಗೆರೆಯ ಮೇಲಿನ ಉಳಿದ ಬಿಂದುಗಳು

ಲಂಬಾರ್ಧಕದ ಮೇಲೆ ಎಲ್ಲಿ X ಇಟ್ಟರೂ XA = XB. M ನಲ್ಲಿ ಲಂಬ, AM = BM, XM ಸಾಮಾನ್ಯ ಎಂದು ಬಾ.ಕೋ.ಬಾ. ಹಾಕಿದರೆ ಸಾಕು. ತಿರುಗುಮುರುಗೂ ನಿಜ: XA = XB ಆದ ಬಿಂದುವನ್ನು M ಗೆ ಸೇರಿಸಿ ಬಾ.ಬಾ.ಬಾ. ಹಾಕಿದರೆ M ನಲ್ಲಿ 90° ಬರುತ್ತದೆ, ಹಾಗಾಗಿ X ಆ ಗೆರೆ ಬಿಟ್ಟು ಬೇರೆಡೆ ಇರಲಾರದು. ನಕ್ಷೆಯಲ್ಲಿ ಮೈಸೂರು, ಮಂಡ್ಯ ಎರಡಕ್ಕೂ ಚುಕ್ಕೆ ಇಟ್ಟು ಲಂಬಾರ್ಧಕ ಎಳೆದರೆ, ಗೆರೆಯ ಈಚೆಗಿನ ಊರೆಲ್ಲ ಮಂಡ್ಯಕ್ಕೆ ಹತ್ತಿರ, ಆಚೆಗಿನದೆಲ್ಲ ಮೈಸೂರಿಗೆ ಹತ್ತಿರ. ಶ್ರೀರಂಗಪಟ್ಟಣ ಮೈಸೂರಿನ ಪಾಲಿಗೆ ಬೀಳುತ್ತದೆ, ಮಂಡ್ಯ ಜಿಲ್ಲೆಯದೇ ಆದರೂ.

ಮನೆಗೆ ಕೆಲಸ: ಒಡೆದ ಬಳೆಯ ಚೂರೊಂದನ್ನು ಹಾಳೆಯ ಮೇಲಿಟ್ಟು ಹೊರ ಅಂಚು ಗೀರಿ. ಆ ಕಂಸದ ಮೇಲೆ ಮೂರು ಬಿಂದು ಗುರುತಿಸಿ ಎರಡು ಜ್ಯಾ ಎಳೆದು, ಎರಡಕ್ಕೂ ಲಂಬಾರ್ಧಕ ಎಳೆಯಿರಿ. ಅವು ಕೂಡುವ ಜಾಗ ಬಳೆಯ ಕೇಂದ್ರ. ಚೂರು ಚಿಕ್ಕದಾದಷ್ಟೂ ಎರಡು ಲಂಬಾರ್ಧಕಗಳ ನಡುವಿನ ಕೋನ ಕಿರಿದಾಗಿ ಕೇಂದ್ರ ಅತ್ತಿತ್ತ ಓಡಾಡುತ್ತದೆ. ಆದ್ದರಿಂದ ಕಾಲುಭಾಗಕ್ಕಿಂತ ದೊಡ್ಡ ಚೂರನ್ನೇ ತನ್ನಿ.